ಕ್ಲೈಂಟ್‌ಗೆ ಬರೆಯುವ ಕೋರಿಕೆ: ಕ್ಯಾನ್, ಕುಡ್, ವುಡ್, ಮೇ ಎಲ್ಲೆಲ್ಲಿ?

ಪ್ರಶ್ನೆ: ಹುಬ್ಬಳ್ಳಿಯ ಒಂದು ಲೆಕ್ಕಪತ್ರ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಇಂಗ್ಲೆಂಡಿನ ಸಣ್ಣ ವ್ಯಾಪಾರಿಗಳ ವ್ಯಾಟ್ ಲೆಕ್ಕ ನೋಡಿಕೊಳ್ಳುವುದು ನನ್ನ ಹೊಣೆ. ಒಬ್ಬ ಕ್ಲೈಂಟ್‌ಗೆ "ಕ್ಯಾನ್ ಯೂ ಸೆಂಡ್ ದಿ ಜೂನ್ ಬ್ಯಾಂಕ್ ಸ್ಟೇಟ್‌ಮೆಂಟ್ ಟುಡೇ ಇಟ್‌ಸೆಲ್ಫ್? ಕೈಂಡ್ಲಿ ಡು ದಿ ನೀಡ್‌ಫುಲ್" ಎಂದು ಬರೆದೆ. ದಬಾಯಿಸಿದ ಹಾಗಿದೆ ಎಂದು ಅವರು ನಮ್ಮ ಮ್ಯಾನೇಜರ್‌ಗೆ ದೂರು ಕೊಟ್ಟರು. "ಕ್ಯಾನ್ ಬಳಸಬೇಡ" ಎಂದರು ಮ್ಯಾನೇಜರ್. ಮುಂದಿನ ಸಲ ಇನ್ನೊಬ್ಬರಿಗೆ "ಐ ವಾಸ್ ಜಸ್ಟ್ ವಂಡರಿಂಗ್ ಇಫ್ ಯೂ ಮೇ ಪಾಸಿಬ್ಲಿ ಸೆಂಡ್ ದಿ ಸ್ಟೇಟ್‌ಮೆಂಟ್ ವೆನೆವರ್ ಕನ್ವೀನಿಯೆಂಟ್" ಎಂದು ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ. ಕ್ಯಾನ್ ಒರಟು, ಕುಡ್ ಭೂತಕಾಲ, ಮೇ ಎಲ್ಲಕ್ಕಿಂತ ವಿನಯ ಎಂದು ಶಾಲೆಯಲ್ಲಿ ಕಲಿತಿದ್ದೆ. ವಿನಯವೂ ಇರಬೇಕು, ಕೆಲಸವೂ ಆಗಬೇಕು ಎಂದರೆ ಯಾವುದನ್ನು ಎಲ್ಲಿ ಬಳಸಬೇಕು? — ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಮೊದಲ ಪತ್ರದಲ್ಲಿ ಕ್ಯಾನ್ ನಿರಪರಾಧಿ. ಇಂಗ್ಲೆಂಡಿನ ಕಚೇರಿಗಳಲ್ಲಿ ಸಹೋದ್ಯೋಗಿಗಳು ದಿನವಿಡೀ ಒಬ್ಬರಿಗೊಬ್ಬರು "ಕ್ಯಾನ್ ಯೂ" ಎಂದೇ ಕೇಳುತ್ತಾರೆ, ಯಾರೂ ಮುಖ ಸಿಂಡರಿಸುವುದಿಲ್ಲ. ಆ ಪತ್ರದಲ್ಲಿ ಚುಚ್ಚಿದ್ದು "ಟುಡೇ ಇಟ್‌ಸೆಲ್ಫ್" ಎಂಬ ತುಣುಕು. ನಾವು "ಇವತ್ತೇ" ಎನ್ನುವಾಗಿನ ಏಕಾರವನ್ನು ಇಂಗ್ಲಿಷಿಗೆ ಸಾಗಿಸಲು ಹುಡುಕಿಕೊಂಡ ದಾರಿ ಅದು. ಭಾರತೀಯರ ನಡುವೆ ಸಲೀಸಾಗಿ ನಡೆಯುತ್ತದೆ. ಬ್ರಿಟಿಷ್ ಓದುಗನಿಗೆ ಮಾತ್ರ ಮೇಜು ಕುಟ್ಟಿ ಹೇಳಿದಂತೆ ಕೇಳಿಸಬಹುದು, ಏಕೆಂದರೆ ಇಂದೇ ಏಕೆ ಬೇಕು ಎಂಬ ಕಾರಣ ಪತ್ರದಲ್ಲಿ ಎಲ್ಲೂ ಇಲ್ಲ. "ಡು ದಿ ನೀಡ್‌ಫುಲ್" ಒಂದು ಕಾಲದಲ್ಲಿ ಬ್ರಿಟಿಷರದೇ ಮಾತು. ಅವರು ಅದನ್ನು ಬಿಟ್ಟರು, ನಮ್ಮ ಕಚೇರಿಗಳು ಉಳಿಸಿಕೊಂಡವು. ಇನ್ನು "ಕೈಂಡ್ಲಿ". ಅದು ಅಲ್ಲಿ ಇಂದು ಹೆಚ್ಚಾಗಿ ಬಿಗಿಯಾದ ಸೂಚನೆಗಳಲ್ಲಿ, ಹುಲ್ಲಿನ ಮೇಲೆ ನಡೆಯಬೇಡಿ ಎಂಬಂಥ ಫಲಕಗಳ ದನಿಯಲ್ಲಿ ಕಾಣಿಸಿಕೊಳ್ಳುವ ಪದ. ನೀವು ವಿನಯಕ್ಕೆಂದು ಸೇರಿಸಿದ್ದೇ ಅವರಿಗೆ ಸಿಡುಕಾಗಿ ತಲುಪಿದೆ.

ಮ್ಯಾನೇಜರ್ ಹೇಳಿದಂತೆ ಕ್ಯಾನ್ ತೆಗೆದು ಕುಡ್ ಹಾಕಿದ್ದರೂ ಆ ಪತ್ರ ಅಷ್ಟೇ ಒರಟಾಗಿರುತ್ತಿತ್ತು. ಹಾಗೆಂದು ಈ ನಾಲ್ಕು ಕ್ರಿಯಾಪದಗಳಿಗೆ ಬೆಲೆಯಿಲ್ಲ ಎಂದಲ್ಲ. ಅವಕ್ಕೆ ಒಂದು ನಿರ್ದಿಷ್ಟ ಕೆಲಸವಿದೆ, ಆ ಕೆಲಸವನ್ನಷ್ಟೇ ಅವುಗಳಿಂದ ಮಾಡಿಸಬೇಕು.

ನಮ್ಮವರಿಗೆ ಇಲ್ಲಿ ಎಡವಟ್ಟಾಗುವುದಕ್ಕೆ ಕಾರಣ ಕನ್ನಡದ ಅನುಕೂಲ. ಕಳಿಸು, ಕಳಿಸಿ, ಕಳಿಸುತ್ತೀರಾ, ಕಳಿಸಬಹುದೇ: ಕ್ರಿಯಾಪದದ ಬಾಲ ತಿರುಗಿಸಿದರೆ ಮರ್ಯಾದೆ ಏರುತ್ತದೆ. "ಕಳಿಸಿ" ಎಂಬುದು ಆಜ್ಞಾರೂಪವೇ ಆದರೂ ಬಹುವಚನದಿಂದಲೇ ಗೌರವ ತುಂಬಿಕೊಂಡಿರುತ್ತದೆ, ಮುಂದೆ "ದಯವಿಟ್ಟು" ಸೇರಿದರೆ ಪೂರ್ಣ ವಿನಯ. ಅದನ್ನೇ "ಪ್ಲೀಸ್ ಸೆಂಡ್" ಎಂದು ಬರೆದಾಗ ಆ ಬಹುವಚನ ದಾರಿಯಲ್ಲೇ ಉದುರಿಹೋಗುತ್ತದೆ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ "ಯೂ" ಒಂದೇ. "ಸೆಂಡ್" ಎಂಬುದು ನಾಯಿಗೂ ನ್ಯಾಯಾಧೀಶರಿಗೂ ಒಂದೇ ರೂಪ. ಪ್ಲೀಸ್ ಸೇರಿಸಿದ ಆಜ್ಞೆ ಆಜ್ಞೆಯೇ. ಚಿಕ್ಕ, ದಿನನಿತ್ಯದ ಕೆಲಸಕ್ಕೆ ಅದು ಸಾಕು, ತಪ್ಪೇನಿಲ್ಲ. ಎದುರಿನವರು ಸಮಯ ಖರ್ಚು ಮಾಡಬೇಕಾದ ಕೆಲಸವಾದರೆ ಇಂಗ್ಲಿಷ್ ಮರ್ಯಾದೆಯನ್ನು ಪ್ರಶ್ನೆಯ ರೂಪದಲ್ಲಿ ತೋರಿಸುತ್ತದೆ: ಮಾಡು ಎನ್ನುವುದಿಲ್ಲ, ಆದೀತೇ ಎಂದು ಕೇಳುತ್ತದೆ. ಇಲ್ಲ ಎನ್ನಲು ಒಂದು ಕಿಂಡಿ ತೆರೆದಿಡುವುದೇ ಅಲ್ಲಿನ ಸೌಜನ್ಯ.

ಕುಡ್ ಅನ್ನು ಭೂತಕಾಲ ಎಂದು ಕಲಿಸಿದ ಮೇಷ್ಟ್ರು ಅರ್ಧ ಸರಿ. "ಚಿಕ್ಕವನಿದ್ದಾಗ ಈಜಬಲ್ಲವನಾಗಿದ್ದೆ" ಎನ್ನುವಲ್ಲಿ ಅದು ಭೂತಕಾಲವೇ. ಆದರೆ ಇಂಗ್ಲಿಷಿನ ಭೂತರೂಪಕ್ಕೆ ಇನ್ನೊಂದು ಉಪಯೋಗವಿದೆ: ಮಾತನ್ನು ಒಂದು ಹೆಜ್ಜೆ ದೂರ ಇಡುವುದು. "ಕುಡ್ ಯೂ ಸೆಂಡ್" ಎಂದರೆ "ಒಂದು ವೇಳೆ ಕೇಳಿದರೆ, ಕಳಿಸಲು ಆದೀತೇ" ಎಂಬ ಛಾಯೆ. ನೇರವಾಗಿ ಎದೆಗೆ ಬಂದು ನಿಲ್ಲದೆ ಸ್ವಲ್ಪ ಸರಿದು ನಿಂತು ಕೇಳುವ ರೀತಿ. ವುಡ್ ಕೂಡ ವಿಲ್‌ನಿಂದ ಇದೇ ಬಗೆಯಲ್ಲಿ ದೂರ ಸರಿದ ರೂಪ. ಕ್ಯಾನ್‌ಗಿಂತ ಕುಡ್, ವಿಲ್‌ಗಿಂತ ವುಡ್ ಮೃದು ಎನ್ನಿಸುವುದು ಈ ದೂರದಿಂದ.

ಈ ದೂರ ಕೋರಿಕೆಯಲ್ಲಿ ಮಾತ್ರ, ಉತ್ತರದಲ್ಲಿ ಬೇಡ. ಕ್ಲೈಂಟ್ "ಕುಡ್ ಯೂ ಚೆಕ್ ದಿಸ್ ಇನ್‌ವಾಯ್ಸ್?" ಎಂದು ಕೇಳಿದರೆ "ಯೆಸ್, ಐ ಕುಡ್" ಎಂದು ಬರೆಯಬೇಡಿ. "ಮಾಡಬಹುದಿತ್ತು, ಆದರೆ…" ಎಂದು ನೀವು ರಾಗ ಎಳೆಯುತ್ತಿರುವಂತೆ ಅವರಿಗೆ ಕಾಣುತ್ತದೆ. "ಯೆಸ್, ಐ ಕ್ಯಾನ್" ಅಥವಾ "ಶೂರ್, ಐ ವಿಲ್ ಚೆಕ್ ಇಟ್ ಟುಡೇ" ಎನ್ನಬೇಕು. ಅನುಮತಿ ಕೊಡುವಾಗಲೂ ಹೀಗೆಯೇ. "ಕುಡ್ ಐ ಲೀವ್ ಅರ್ಲಿ?" ಎಂದು ಕೇಳಿದವರಿಗೆ "ಯೂ ಕ್ಯಾನ್" ಎನ್ನುತ್ತಾರೆ, "ಯೂ ಕುಡ್" ಎನ್ನುವುದಿಲ್ಲ.

ಮೇ ವಿಷಯಕ್ಕೆ ಬರೋಣ, ನಮ್ಮಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿಯೇ. "ಮೇ ಐ ಕಮ್ ಇನ್ ಸರ್" ಎನ್ನದೆ ಕರ್ನಾಟಕದಲ್ಲಿ ಯಾವ ಮಗುವೂ ತರಗತಿಯ ಹೊಸ್ತಿಲು ದಾಟಿರಲಿಕ್ಕಿಲ್ಲ. ಆ ವಾಕ್ಯ ಸರಿಯಾಗಿಯೇ ಇದೆ, ಏಕೆಂದರೆ ಅಲ್ಲಿ ಒಳಗೆ ಬರುವವರು ಕೇಳುವವರೇ. ಕೋರಿಕೆಯ ಪ್ರಶ್ನೆಯಲ್ಲಿ ಮೇ ನಿಲ್ಲುವುದು "ಐ" ಅಥವಾ "ವಿ" ಜೊತೆ: ನಾನು ಮಾಡಲೇ, ನಾವು ಮಾಡಬಹುದೇ. ಎದುರಿನವರಿಂದ ಕೆಲಸ ಕೇಳುವುದಕ್ಕೆ "ಮೇ ಯೂ" ಎಂಬ ಬಳಕೆ ಇಂಗ್ಲಿಷಿನಲ್ಲಿ ಇಲ್ಲ. "ಮೇ ಯೂ ಲಿವ್ ಲಾಂಗ್" ಎಂಬಂಥ ಹರಕೆಯಲ್ಲಿ ಮಾತ್ರ ಆ ಜೋಡಣೆ ಸಿಗುತ್ತದೆ. "ಮೇ ಯೂ ಸೆಂಡ್ ದಿ ಸ್ಟೇಟ್‌ಮೆಂಟ್" ಎಂದರೆ ಸ್ಟೇಟ್‌ಮೆಂಟ್ ಕಳಿಸುವ ಭಾಗ್ಯ ನಿಮಗೆ ಒದಗಲಿ ಎಂದು ಹರಸಿದ ಹಾಗೆ.

ಹೆಚ್ಚು ಹಾನಿ ಮಾಡುವುದು ಮೇ ಇರುವ ಹೇಳಿಕೆ. ನಮ್ಮ ಸರ್ಕಾರಿ ಪತ್ರಗಳಲ್ಲಿ "ಯೂ ಮೇ ಪ್ಲೀಸ್ ಸಬ್‌ಮಿಟ್" ಎಂಬ ಶೈಲಿ ಬೇರೂರಿದೆ. ಇಲ್ಲಿ ಅದನ್ನು ಓದಿದವರು ಸಲ್ಲಿಸಲೇಬೇಕು ಎಂದು ತಿಳಿಯುತ್ತಾರೆ. ನನ್ನ ತರಬೇತಿಗೆ ಬಂದಿದ್ದ ಒಬ್ಬರು ಇದೇ ಅಭ್ಯಾಸದಿಂದ ವಿದೇಶಿ ಕ್ಲೈಂಟ್‌ಗೆ "ಯೂ ಮೇ ಸೆಂಡ್ ದಿ ಸೈನ್ಡ್ ಫಾರ್ಮ್ ಬೈ ಫ್ರೈಡೇ" ಎಂದು ಬರೆದಿದ್ದರು. ಶುಕ್ರವಾರ ಕಳೆಯಿತು, ಫಾರ್ಮ್ ಬರಲಿಲ್ಲ. ಫೋನ್ ಮಾಡಿ ಕೇಳಿದರೆ ಕ್ಲೈಂಟ್‌ಗೆ ನಿಜವಾಗಿಯೂ ಆಶ್ಚರ್ಯ: "ಬೇಕಿದ್ದರೆ ಕಳಿಸಿ ಎಂದಲ್ಲವೇ ನೀವು ಹೇಳಿದ್ದು?" ಅವರ ಓದು ಸರಿಯಾಗಿತ್ತು. "ಯೂ ಮೇ" ಎಂದರೆ ಅನುಮತಿ ಕೊಟ್ಟಿದ್ದೇನೆ ಎಂದರ್ಥ. ಹೀಗಾಗಿ ಈ ಒಂದೇ ವಾಕ್ಯ ಎರಡು ತಪ್ಪು ಮಾಡುತ್ತದೆ: ಕೆಲಸವನ್ನು ಐಚ್ಛಿಕ ಮಾಡುತ್ತದೆ, ಜೊತೆಗೆ ಅನುಮತಿ ಕೊಡುವ ದೊಡ್ಡವರ ಪೀಠದಲ್ಲಿ ನಿಮ್ಮನ್ನು ಕೂರಿಸುತ್ತದೆ. "ಯೂ ಕ್ಯಾನ್ ಸೆಂಡ್ ಇಟ್ ಬೈ ಫ್ರೈಡೇ" ಕೂಡ ಇದೇ ಗುಂಡಿಗೆ ಬೀಳುತ್ತದೆ. ಕನ್ನಡದ "ಕಳಿಸಬಹುದು" ಎಂಬ ಒಂದೇ ಮಾತು ಸಾಧ್ಯತೆ, ಅನುಮತಿ, ನಯವಾದ ಸೂಚನೆ ಮೂರನ್ನೂ ಹೊರುತ್ತದೆ. ಇಂಗ್ಲಿಷಿನಲ್ಲಿ ಆ ಸೂಚನೆಯ ಅರ್ಥ ಬೇಕಿದ್ದರೆ ಪ್ರಶ್ನೆಯಾಗಿ ತಿರುಗಿಸಲೇಬೇಕು.

ಅನುಮತಿ ಕೇಳುವಾಗ ಕ್ಯಾನ್ ತಪ್ಪು, ಮೇ ಮಾತ್ರ ಸರಿ ಎಂಬುದು ಹಳೆಯ ಶಾಲಾ ನಿಯಮ. ಇಂದಿನ ಬ್ರಿಟಿಷ್, ಅಮೆರಿಕನ್ ಬಳಕೆಯಲ್ಲಿ "ಕ್ಯಾನ್ ಐ" ಪೂರ್ತಿ ಸ್ವೀಕೃತ. "ಮೇ ಐ" ಸ್ವಲ್ಪ ಮಡಿ ಉಟ್ಟ ಮಾತು. ಮೊದಲ ಬಾರಿ ಮಾತನಾಡುವ ಹಿರಿಯರೊಂದಿಗೆ ಚೆನ್ನ, ದಿನಾ ಮಾತನಾಡುವವರೊಂದಿಗೆ ಹೇಳಿದರೆ ಏನೋ ಮುನಿಸಿದೆ ಎನ್ನಿಸೀತು.

ವುಡ್ ಕೇಳುವುದು ಮನಸ್ಸನ್ನು. ಕುಡ್ "ಆಗುತ್ತದೆಯೇ" ಎಂದರೆ ವುಡ್ "ಮಾಡುತ್ತೀರಾ" ಎನ್ನುತ್ತದೆ. ಅದಕ್ಕೇ ಕುಡ್‌ಗೆ ಇಲ್ಲ ಎನ್ನುವುದು ಸುಲಭ: ಆಗುತ್ತಿಲ್ಲ ಎಂದರೆ ಯಾರ ತಪ್ಪೂ ಅಲ್ಲ. ವುಡ್‌ಗೆ ಇಲ್ಲ ಎಂದರೆ ಮನಸ್ಸಿಲ್ಲ ಎಂದಂತಾಗುತ್ತದೆ. ಕ್ಲೈಂಟ್‌ಗೆ ಬರೆಯುವಾಗ ನಾನು ಕುಡ್ ಅನ್ನೇ ಆರಿಸುವುದು ಈ ಕಾರಣಕ್ಕೆ. "ವುಡ್ ಯೂ ಪ್ಲೀಸ್" ಎಂಬುದರಲ್ಲಿ ಪ್ಲೀಸ್ ಮೇಲೆ ಒತ್ತು ಬಿದ್ದರೆ ತಾಳ್ಮೆ ಕೆಟ್ಟವರ ದನಿ ಬರುತ್ತದೆ. "ವಿಲ್ ಯೂ" ಇನ್ನೂ ಗಡಸು, ಪತ್ರದಲ್ಲಿ ಬೇಡವೇ ಬೇಡ. ಕೋರಿಕೆ ದೊಡ್ಡದಾದಾಗ "ವುಡ್ ಯೂ ಬಿ ಏಬಲ್ ಟು" ಒಳ್ಳೆಯ ಸಾಧನ, ಅದರಲ್ಲಿ ಮನಸ್ಸು ಮತ್ತು ಸಾಧ್ಯತೆ ಎರಡನ್ನೂ ಕೇಳಿದಂತಾಗುತ್ತದೆ.

"ವುಡ್ ಯೂ ಮೈಂಡ್" ಬಳಸುವವರು ಅದರ ಉತ್ತರವನ್ನೂ ಕಲಿತಿರಬೇಕು. ಅದರ ಮುಂದೆ ಬರುವ ಕ್ರಿಯಾಪದ "ಸೆಂಡಿಂಗ್" ಎಂದಾಗುತ್ತದೆ. ಅರ್ಥ "ಕಳಿಸಿದರೆ ನಿಮಗೆ ಬೇಸರವೇ?" ಎಂದು. ಹಾಗಾಗಿ ಒಪ್ಪಿಗೆಯ ಉತ್ತರ "ನೋ, ನಾಟ್ ಅಟ್ ಆಲ್". ನಮ್ಮವರು ಉತ್ಸಾಹದಿಂದ "ಯೆಸ್, ಯೆಸ್" ಎಂದು ಬರೆದುಬಿಡುತ್ತಾರೆ. ಓದಿದವರು ದನಿಯಿಂದ ಹೇಗೋ ಊಹಿಸಿಕೊಳ್ಳುತ್ತಾರೆ, ಆದರೂ ಒಂದು ಕ್ಷಣ ಗಲಿಬಿಲಿ. ಸಂಶಯವಿದ್ದರೆ "ಶೂರ್" ಎಂದುಬಿಡಿ.

ಈಗ ನಿಮ್ಮ ಎರಡನೆಯ ಪತ್ರ. ಜಸ್ಟ್, ವಂಡರಿಂಗ್, ಇಫ್, ಮೇ, ಪಾಸಿಬ್ಲಿ, ವೆನೆವರ್ ಕನ್ವೀನಿಯೆಂಟ್: ಒಂದು ಸ್ಟೇಟ್‌ಮೆಂಟಿಗೆ ಆರು ಮೆತ್ತೆ. ಇದು ದುರ್ಬಲವಾದದ್ದು ಮೆತ್ತೆ ಹೆಚ್ಚಾದುದಕ್ಕಿಂತ, ಕೊನೆಯ ಮೆತ್ತೆ ಗಡುವನ್ನೇ ನುಂಗಿದ್ದರಿಂದ. ಅನುಕೂಲವಾದಾಗ ಎಂದು ನೀವೇ ಬರೆದಿದ್ದೀರಿ, ಅವರಿಗೆ ಇನ್ನೂ ಅನುಕೂಲವಾಗಿಲ್ಲ ಅಷ್ಟೇ. ಮೊದಲ ಪತ್ರದ ತಪ್ಪೂ ಇದೇ ಜಾಗದಲ್ಲಿದೆ, ದಿಕ್ಕು ಮಾತ್ರ ಬೇರೆ: ಅಲ್ಲಿ ಗಡುವಿತ್ತು, ಕಾರಣವಿರಲಿಲ್ಲ.

ನಾನು ಕಲಿಸುವ ಕ್ರಮದಲ್ಲಿ ಕೆಲಸ ಹಂಚಿಹೋಗಿರುತ್ತದೆ. ಮರ್ಯಾದೆಯನ್ನು ಕುಡ್ ಹೊರಲಿ, ಬಿಗಿಯನ್ನು ದಿನಾಂಕ ಮತ್ತು ಕಾರಣ ಹೊರಲಿ. ಬಿಗಿ ಬೇಕೆಂದು ಕುಡ್ ಅನ್ನು ಕಿತ್ತುಹಾಕಬಾರದು, ವಿನಯ ಬೇಕೆಂದು ದಿನಾಂಕವನ್ನು ಮಸುಕು ಮಾಡಬಾರದು. ನಿಮ್ಮ ಪ್ರಕರಣದಲ್ಲಿ ಕಾರಣ ಸಿದ್ಧವಾಗಿಯೇ ಇದೆ. ಬ್ರಿಟನ್ನಿನ ವ್ಯಾಟ್‌ನಲ್ಲಿ ಸಾಮಾನ್ಯವಾಗಿ ತ್ರೈಮಾಸಿಕ ಮುಗಿದ ಮೇಲೆ ಒಂದು ತಿಂಗಳು ಏಳು ದಿನದೊಳಗೆ ರಿಟರ್ನ್ ಸಲ್ಲಿಸಬೇಕು. ಜೂನ್ 30ಕ್ಕೆ ಮುಗಿದ ಅವಧಿಗೆ ಆಗಸ್ಟ್ 7 ಕೊನೆ. ನಿಮಗೆ ಲೆಕ್ಕ ಹೊಂದಿಸಲು ಒಂದು ವಾರ ಬೇಕು ಎಂದುಕೊಳ್ಳಿ. ಆಗ ಜುಲೈ ಮಧ್ಯದಲ್ಲಿ ಬರೆಯುವ ಮೊದಲ ಪತ್ರ ಹೀಗಿರಬಹುದು:

"ಯುವರ್ ವ್ಯಾಟ್ ರಿಟರ್ನ್ ಈಸ್ ಡ್ಯೂ ಆನ್ 7 ಆಗಸ್ಟ್. ಕುಡ್ ಯೂ ಸೆಂಡ್ ಮಿ ದಿ ಜೂನ್ ಬ್ಯಾಂಕ್ ಸ್ಟೇಟ್‌ಮೆಂಟ್ ಬೈ 31 ಜುಲೈ? ದಟ್ ಗಿವ್ಸ್ ಮಿ ಅ ವೀಕ್ ಟು ಚೆಕ್ ಎವ್ರಿಥಿಂಗ್."

ಇಲ್ಲಿ ಪ್ಲೀಸ್ ಕೂಡ ಇಲ್ಲ, ಸೇರಿಸಿದರೆ ತೊಂದರೆಯೂ ಇಲ್ಲ. ಗಡುವು ನಿಮ್ಮ ಹಟವಾಗಿ ಉಳಿಯದೆ ತೆರಿಗೆ ಇಲಾಖೆಯ ತಾರೀಖಾಗಿದೆ. ಓದುವವರ ಸಿಟ್ಟು ಏನಾದರೂ ಇದ್ದರೆ ಅದು ಆ ಕಡೆ ಹೋಗುತ್ತದೆ.

31ನೇ ತಾರೀಖು ಕಳೆದರೂ ಬರಲಿಲ್ಲ. ಬಹಳ ಜನ ಇಲ್ಲಿ ದನಿ ಏರಿಸುತ್ತಾರೆ: ಕುಡ್ ಹೋಗಿ "ಪ್ಲೀಸ್ ಸೆಂಡ್ ಇಮ್ಮೀಡಿಯೆಟ್ಲಿ" ಬರುತ್ತದೆ. ಬೇಡ, ಕ್ರಿಯಾಪದವನ್ನು ಮುಟ್ಟಬೇಡಿ, ಸಂಗತಿಯನ್ನು ಹೆಚ್ಚಿಸಿ. "ಐ ಹ್ಯಾವ್ ನಾಟ್ ರಿಸೀವ್ಡ್ ದಿ ಜೂನ್ ಸ್ಟೇಟ್‌ಮೆಂಟ್ ಯೆಟ್. ಕುಡ್ ಯೂ ಸೆಂಡ್ ಇಟ್ ಬೈ 3 ಆಗಸ್ಟ್?" ಎಂಬುದು ನೆನಪೋಲೆಗೆ ಸಾಕು. "ಯೂ ಹ್ಯಾವ್ ನಾಟ್ ಸೆಂಟ್" ಎಂದು ಬರೆಯದೆ "ಐ ಹ್ಯಾವ್ ನಾಟ್ ರಿಸೀವ್ಡ್" ಎಂದಿರುವುದನ್ನು ಗಮನಿಸಿ. ಮೊದಲನೆಯದು ಆರೋಪ, ಎರಡನೆಯದು ಸ್ಥಿತಿ. ಮೇಲ್ ಸ್ಪ್ಯಾಮ್‌ಗೆ ಹೋಗಿದ್ದರೂ ಎರಡನೆಯದು ಸುಳ್ಳಾಗುವುದಿಲ್ಲ.

ಅದಕ್ಕೂ ಉತ್ತರವಿಲ್ಲದಿದ್ದರೆ ಪರಿಣಾಮವನ್ನು ಬರೆಯುವ ಹೊತ್ತು. 2023ರ ಜನವರಿಯಿಂದ ಅಲ್ಲಿ ವ್ಯಾಟ್ ರಿಟರ್ನ್ ತಡವಾದಾಗಲೆಲ್ಲ ವ್ಯಾಪಾರಿಯ ಹೆಸರಿಗೆ ಒಂದು ಪೆನಾಲ್ಟಿ ಪಾಯಿಂಟ್ ಸೇರುತ್ತದೆ, ತ್ರೈಮಾಸಿಕ ಸಲ್ಲಿಸುವವರಿಗೆ ನಾಲ್ಕು ಪಾಯಿಂಟ್ ಆದಾಗ 200 ಪೌಂಡ್ ದಂಡ. ನಿಮ್ಮ ಮೂರನೆಯ ಪತ್ರ: "ವಿದೌಟ್ ದಿ ಸ್ಟೇಟ್‌ಮೆಂಟ್ ವಿ ಕೆನಾಟ್ ಫೈಲ್ ಬೈ 7 ಆಗಸ್ಟ್, ಆ್ಯಂಡ್ ಅ ಲೇಟ್ ರಿಟರ್ನ್ ಆಡ್ಸ್ ಅ ಪೆನಾಲ್ಟಿ ಪಾಯಿಂಟ್. ಕುಡ್ ಯೂ ಸೆಂಡ್ ಇಟ್ ಬೈ 5 ಪಿಎಂ ಟುಮಾರೋ, ಆರ್ ಟೆಲ್ ಮಿ ವೆನ್ ಯೂ ಕ್ಯಾನ್?" ಇದು ಮೂರರಲ್ಲಿ ಅತಿ ಬಿಗಿಯಾದದ್ದು, ಆದರೂ ದಬಾಯಿಸಿದರು ಎಂದು ದೂರಲು ಇದರಲ್ಲಿ ಒಂದು ಪದವೂ ಸಿಗುವುದಿಲ್ಲ. ಕೊನೆಯ ತುಣುಕಿಗೆ ಬೆಲೆಯಿದೆ. ಸ್ಟೇಟ್‌ಮೆಂಟ್ ಕೈಯಲ್ಲಿಲ್ಲದವರೂ ಒಂದು ಸಾಲು ಉತ್ತರ ಬರೆಯಲು ಅದು ದಾರಿ ಕೊಡುತ್ತದೆ. ಎಷ್ಟೋ ಮೌನಗಳ ಹಿಂದೆ ಇರುವುದು ನಾಚಿಕೆ.

ಎಷ್ಟು ಮೆದುವಾಗಿರಬೇಕು ಎಂಬುದಕ್ಕೆ ಪದಪಟ್ಟಿಗಿಂತ ಉಪಯುಕ್ತವಾದ ಅಳತೆ ಒಂದಿದೆ. ಸೌಜನ್ಯದ ಭಾಷೆಯನ್ನು ಅಧ್ಯಯನ ಮಾಡಿದ ಪೆನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಮೂರು ಸಂಗತಿಗಳನ್ನು ಗುರುತಿಸಿದರು: ಅಧಿಕಾರ ಯಾರ ಕೈಯಲ್ಲಿದೆ, ಪರಿಚಯ ಎಷ್ಟಿದೆ, ಕೇಳುತ್ತಿರುವುದು ಎಷ್ಟು ಹೊರೆ. ಅವರು ಆಧಾರವಾಗಿ ಬಳಸಿದ ಭಾಷೆಗಳಲ್ಲಿ ಇಂಗ್ಲಿಷ್ ಜೊತೆಗೆ ನಮ್ಮ ನೆರೆಯ ತಮಿಳೂ ಇತ್ತು ಎಂಬುದು ನನಗೆ ಇಷ್ಟವಾದ ವಿವರ. ನಮ್ಮವರು ಮೊದಲನೆಯದನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ದೊಡ್ಡವರಿಗೆ ಸಣ್ಣ ಕೆಲಸ ಹೇಳಲೂ ಆರು ಮೆತ್ತೆ, ಕಿರಿಯರಿಗೆ ದೊಡ್ಡ ಕೆಲಸ ಹೇಳುವಾಗಲೂ "ಡು ದಿಸ್". ಇಂಗ್ಲಿಷ್ ಕಚೇರಿಗಳಲ್ಲಿ ಹೊರೆಯ ತೂಕಕ್ಕೆ ಹೆಚ್ಚು ಬೆಲೆ. ಇರುವ ಫೈಲನ್ನು ಮತ್ತೊಮ್ಮೆ ಕಳಿಸಲು ನಿರ್ದೇಶಕರನ್ನೂ "ಕ್ಯಾನ್ ಯೂ ರೀಸೆಂಡ್ ದಿ ಫೈಲ್?" ಎಂದು ಕೇಳಬಹುದು, ಪರಿಚಯವಿದ್ದರೆ. ಭಾನುವಾರ ಬಂದು ಕೆಲಸ ಮಾಡಲು ನಿಮ್ಮ ಕಿರಿಯರನ್ನು ಕೇಳುವಾಗ "ವುಡ್ ಯೂ ಬಿ ಏಬಲ್ ಟು" ಬೇಕೇ ಬೇಕು. ಸರ್ವರ್ ಬಿದ್ದಿದೆ, ತಪ್ಪು ಖಾತೆಗೆ ಹಣ ಹೋಗುತ್ತಿದೆ ಎಂಬಂಥ ಹೊತ್ತಿನಲ್ಲಿ ಯಾವುದೂ ಬೇಡ. "ಪ್ಲೀಸ್ ಸ್ಟಾಪ್ ದಿ ಪೇಮೆಂಟ್ ನೌ" ಎಂಬುದನ್ನು ಆಗ ಯಾರೂ ಒರಟು ಎನ್ನುವುದಿಲ್ಲ.

ಫೋನಿನಲ್ಲಿ ಹೇಳುವಾಗ ಒತ್ತು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ನಾವು ವಾಕ್ಯದ ಮೊದಲ ಪದವನ್ನೇ ಗಟ್ಟಿಯಾಗಿ ಹೇಳಿಬಿಡುತ್ತೇವೆ. ಕ್ಯಾನ್ ಮೇಲೆ ಭಾರ ಬಿದ್ದರೆ "ಇಷ್ಟಾದರೂ ಮಾಡುತ್ತೀಯಾ" ಎಂಬ ದನಿ ಬರುತ್ತದೆ. ಕ್ಯಾನ್, ಕುಡ್ ಹಗುರವಾಗಿ ಜಾರಿಹೋಗಲಿ, ಭಾರ "ಸೆಂಡ್", "ಸ್ಟೇಟ್‌ಮೆಂಟ್" ಮೇಲೆ ಇರಲಿ. ಇನ್ನು "ಕಾಂಟ್ ಯೂ", "ಕುಡಂಟ್ ಯೂ" ಎಂದು ನಕಾರದಿಂದ ಶುರುಮಾಡಬೇಡಿ. ಕನ್ನಡದ "ಕಳಿಸೋಕೆ ಆಗಲ್ಲವಾ" ಕೆಲವೊಮ್ಮೆ ಸಲಿಗೆಯ ಮಾತು, ಇಂಗ್ಲಿಷಿನಲ್ಲಿ ಅದು ಬಹುಮಟ್ಟಿಗೆ ಆಕ್ಷೇಪಣೆ.

ನಿಮಗೆ ಬರುವ ಪತ್ರಗಳನ್ನೂ ಇದೇ ಕಣ್ಣಿನಿಂದ ಓದಬೇಕಾಗುತ್ತದೆ. ಬ್ರಿಟಿಷ್ ಮ್ಯಾನೇಜರ್ "ಕುಡ್ ಯೂ ಪರ್‌ಹ್ಯಾಪ್ಸ್ ಹ್ಯಾವ್ ಅನದರ್ ಲುಕ್ ಅಟ್ ದಿಸ್?" ಎಂದು ಬರೆದರೆ ಬಿಡುವಿದ್ದಾಗ ನೋಡೋಣ ಎಂದು ಬದಿಗಿಡಬೇಡಿ. ತಪ್ಪಿದೆ, ಸರಿಪಡಿಸಿ ಎಂದೇ ಅದರ ಅರ್ಥ. "ಯೂ ಮೈಟ್ ವಾಂಟ್ ಟು ಚೆಕ್ ದಿ ಟೋಟಲ್ಸ್" ಎಂದರೆ ಮೊತ್ತ ತಪ್ಪಾಗಿರುವುದನ್ನು ಅವರು ಈಗಾಗಲೇ ಕಂಡಿದ್ದಾರೆ. "ಇಫ್ ಯೂ ಕುಡ್ ಸೆಂಡ್ ಇಟ್ ಟು ಮಿ ಬೈ ನೂನ್" ಎಂದು ಅರ್ಧಕ್ಕೇ ನಿಂತ ವಾಕ್ಯ ಬಂದರೆ ಉಳಿದರ್ಧಕ್ಕೆ ಕಾಯಬೇಡಿ, ಅದು ಪೂರ್ಣ ಕೋರಿಕೆ. ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಿಬಿಡಿ. ಅವರ ಹನ್ನೆರಡು ಎಂದರೆ ಬೇಸಿಗೆಯಲ್ಲಿ ಹುಬ್ಬಳ್ಳಿಯ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ.